ಕ್ಲಚ್ ಪ್ಲೇಟಿನ ಲೆಕ್ಕ: ಸ್ಪ್ರಿಂಗ್ ಎಷ್ಟು ಒತ್ತಬೇಕು?

ಎಂಜಿನ್ ಕೊಡುವ ಗರಿಷ್ಠ ಟಾರ್ಕ್ 120 ನ್ಯೂಟನ್ ಮೀಟರ್ ಎಂದುಕೊಳ್ಳಿ. ಒಂದೇ ಪ್ಲೇಟಿನ ಕ್ಲಚ್ ಇದನ್ನು ಜಾರದೆ ಸಾಗಿಸಬೇಕು. 25% ಹೆಚ್ಚು ಇಟ್ಟುಕೊಂಡು 150 ನ್ಯೂಟನ್ ಮೀಟರ್‌ಗೆ ಲೆಕ್ಕ ಹಾಕೋಣ. ಪ್ಲೇಟಿನ ಮುಖದ ಮೇಲೆ ಉಂಗುರದಂತೆ ಹಚ್ಚಿದ ಘರ್ಷಣೆ ಪಟ್ಟಿಯೇ ಲೈನಿಂಗ್; ಅದರ ಘರ್ಷಣೆ ಗುಣಾಂಕ 0.3. ಅದು ತಡೆಯುವ ಒತ್ತಡ ಚದರ ಮಿಲಿಮೀಟರಿಗೆ 0.2 ನ್ಯೂಟನ್.

ಮೊದಲು ಊಹೆ ಆರಿಸಬೇಕು. ಹೊಸ ಲೈನಿಂಗ್ ಮೇಲೆ ಒತ್ತಡ ಎಲ್ಲೆಡೆ ಒಂದೇ ಸಮ ಇರುತ್ತದೆ ಎನ್ನಬಹುದು. ಆದರೆ ಕ್ಲಚ್ ಜಾರುವಾಗ ಹೊರ ಅಂಚು ಜಾಸ್ತಿ ದೂರ ಉಜ್ಜುತ್ತದೆ, ಹಾಗಾಗಿ ಬೇಗ ಸವೆಯುತ್ತದೆ. ಸವೆದ ಕಡೆ ಒತ್ತಡ ಇಳಿದು ಒಳಗಿನ ಕಡೆ ಏರುತ್ತದೆ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದರೆ ಎಲ್ಲೆಡೆ ಒಂದೇ ಬರುವವರೆಗೆ ಇದು ನಡೆಯುತ್ತದೆ. ಆಮೇಲೆ ಸವೆತ ಸಮನಾಗುತ್ತದೆ, ಅತಿ ಹೆಚ್ಚು ಒತ್ತಡ ಒಳ ಅಂಚಿನಲ್ಲಿ ಉಳಿಯುತ್ತದೆ.

ಎರಡಕ್ಕೂ ಟಾರ್ಕ್ ಸೂತ್ರ ಒಂದೇ. ಪ್ಲೇಟಿನ ಎರಡೂ ಮುಖ ಕೆಲಸ ಮಾಡುವುದರಿಂದ n = 2. μ ಘರ್ಷಣೆ ಗುಣಾಂಕ, W ಸ್ಪ್ರಿಂಗ್ ಒತ್ತುವ ಬಲ, ro ಮತ್ತು ri ಲೈನಿಂಗ್‌ನ ಹೊರ ಮತ್ತು ಒಳ ತ್ರಿಜ್ಯ, R ಘರ್ಷಣೆ ಬಲ ಕೆಲಸ ಮಾಡುವ ಸರಾಸರಿ ತ್ರಿಜ್ಯ.

```
T = n · μ · W · R
R = (ro + ri) / 2                              (ಸಮ ಸವೆತ)
R = (2/3) · (ro³ − ri³) / (ro² − ri²)          (ಸಮ ಒತ್ತಡ)
```

ಸಮ ಸವೆತದಲ್ಲಿ ಬಲ `W = 2π·p·ri·(ro − ri)`. ಇಲ್ಲಿ p ಎಂದರೆ ಒಳ ಅಂಚಿನ ಒತ್ತಡ. ಒಳ ತ್ರಿಜ್ಯವನ್ನು ಹೊರ ತ್ರಿಜ್ಯದ 0.7ರಷ್ಟು ಇಟ್ಟು 150ಕ್ಕೆ ಬಿಡಿಸಿದರೆ ಹೊರ ತ್ರಿಜ್ಯ ಸುಮಾರು 104 ಮಿ.ಮೀ. ಬರುತ್ತದೆ. ಹೊರಗೆ 105, ಒಳಗೆ 73 ಇಟ್ಟುಕೊಳ್ಳೋಣ. R ಆಗ 89 ಮಿ.ಮೀ. ಬೇಕಾದ ಬಲ 150000 ÷ (2 × 0.3 × 89), ಅಂದರೆ ಸುಮಾರು 2,810 ನ್ಯೂಟನ್. ಒಳ ಅಂಚಿನ ಒತ್ತಡ 0.191, ಮಿತಿಯೊಳಗೇ ಇದೆ.

ಇದೇ ಪ್ಲೇಟಿಗೆ ಸಮ ಒತ್ತಡ ಹಿಡಿದರೆ R ಸುಮಾರು 90 ಮಿ.ಮೀ. ಬರುತ್ತದೆ. ಬಲ ಅಷ್ಟೇ ಇದ್ದರೆ ಟಾರ್ಕ್ ಒಂದು ಶೇಕಡಾದಷ್ಟು ಮಾತ್ರ ಏರುತ್ತದೆ. ಇಷ್ಟೇ ತಾನೇ, ಯಾವ ಊಹೆ ಹಿಡಿದರೂ ಒಂದೇ ಅಲ್ವಾ ಅನಿಸುತ್ತದೆ. ಹಾಗಲ್ಲ. ನಿಜವಾದ ವ್ಯತ್ಯಾಸ ಇರುವುದು ಎಷ್ಟು ಬಲ ಹಾಕಬಹುದು ಎಂಬಲ್ಲಿ.

ಎಲ್ಲೆಡೆ 0.2 ಒತ್ತಡ ಎಂದುಕೊಂಡರೆ ಲೆಕ್ಕ 3,579 ನ್ಯೂಟನ್ ಹಾಕಲು ಬಿಡುತ್ತದೆ, 193 ನ್ಯೂಟನ್ ಮೀಟರ್ ಸಿಗುತ್ತದೆ ಎನ್ನುತ್ತದೆ. ಸಮ ಸವೆತದಲ್ಲಿ ಬಿಡುವುದು 2,935 ನ್ಯೂಟನ್, ಸಿಗುವುದು 157. ಆ 3,579ನ್ನು ನಂಬಿ ಸ್ಪ್ರಿಂಗ್ ಆರಿಸಿದರೆ, ಲೈನಿಂಗ್ ಸವೆದು ಹೊಂದಿಕೊಂಡ ಮೇಲೆ ಒಳ ಅಂಚಿನ ಒತ್ತಡ 0.244 ಆಗುತ್ತದೆ. ಇದು ಮಿತಿಗಿಂತ ಸುಮಾರು 22% ಹೆಚ್ಚು. ಕ್ಲಚ್ ತನ್ನ ಆಯುಷ್ಯದ ಬಹುಪಾಲು ಕಳೆಯುವುದು ಸವೆದ ಸ್ಥಿತಿಯಲ್ಲೇ. ಅದಕ್ಕೇ ವಿನ್ಯಾಸಕ್ಕೆ ನಾನು ಸಮ ಸವೆತವನ್ನೇ ಹಿಡಿಯುತ್ತೇನೆ.

ಲೈನಿಂಗ್ ಪಟ್ಟಿ ಅಗಲವಾದಷ್ಟೂ ಎರಡು ಲೆಕ್ಕಗಳ ನಡುವಿನ ಅಂತರ ಹೆಚ್ಚುತ್ತದೆ. ಹೊರಗೆ 105, ಒಳಗೆ 30 ಇಟ್ಟರೆ R ಎರಡರಲ್ಲಿ 67.5 ಮತ್ತು 74.4 ಆಗುತ್ತದೆ, ಹತ್ತು ಶೇಕಡಾ ವ್ಯತ್ಯಾಸ. ಸಮ ಸವೆತದಲ್ಲಿ ಒಳ ಅಂಚಿನ ಒತ್ತಡಕ್ಕೆ ಮಿತಿ ಹಾಕಿದಾಗ, ಒಳ ತ್ರಿಜ್ಯ ಹೊರಗಿನದರ 0.58ರಷ್ಟಿದ್ದರೆ ಟಾರ್ಕ್ ಗರಿಷ್ಠ. ಅದಕ್ಕಿಂತ ಒಳಗೆ ಲೈನಿಂಗ್ ಹಚ್ಚಿದರೆ ಟಾರ್ಕ್ ಇಳಿಯುತ್ತದೆ.