ಮಸುಕು ಗೆರೆಯ ಫೋಟೋ

ಲ್ಯಾಬಿನ ಕೆಲಸದಿಂದ ನಿವೃತ್ತಳಾಗಿ ಮೈಸೂರಿನ ಮನೆಯಲ್ಲಿ ಕೂತರೂ ರಿಪೋರ್ಟ್ ನೋಡುವ ಕೆಲಸ ನನಗೆ ತಪ್ಪಿಲ್ಲ, ಈಗ ಅದು ವಾಟ್ಸಾಪಿನಲ್ಲಿ ಬರುತ್ತದೆ. ಮೊನ್ನೆ ಪಾಂಡವಪುರದಿಂದ ಅಣ್ಣನ ಮಗಳು ಪ್ರೆಗ್ನೆನ್ಸಿ ಕಿಟ್ಟಿನ ಫೋಟೋ ಕಳಿಸಿ, "ಅತ್ತೆ, ಎರಡನೇ ಗೆರೆ ಇದ್ಯಾ ಇಲ್ವಾ, ಬೇಗ ಹೇಳಿ" ಅಂದಳು. ಹತ್ತಿರದಿಂದ ಹಿಗ್ಗಿಸಿ ತೆಗೆದ ಫೋಟೋ, ಕಾರ್ಡಿನಲ್ಲಿ ಗೆರೆ ಮೂಡುವ ಕಿಟಕಿಯಷ್ಟು ಭಾಗ ಬಿಟ್ಟು ಮತ್ತೇನೂ ಕಾಣದು. ಪರೀಕ್ಷೆ ನಡೆಯಿತು ಅಂತ ತೋರಿಸುವ ಸಿ ಅಕ್ಷರದ ಹತ್ತಿರ ಗುಲಾಬಿ ಗೆರೆ, ಗರ್ಭ ಇದೆಯೇ ಅಂತ ತೋರಿಸುವ ಟಿ ಅಕ್ಷರದ ಹತ್ತಿರ ಕೂದಲೆಳೆಯಂಥ ಏನೋ ಒಂದು.

ಇಂಥ ಫೋಟೋ ಬಂದಾಗ ನಾನು ಮೊದಲು ಗೆರೆ ನೋಡುವುದಿಲ್ಲ, ಗಂಟೆ ಕೇಳುತ್ತೇನೆ. "ಮೂತ್ರದ ಹನಿ ಹಾಕಿದ್ದು ಎಷ್ಟು ಹೊತ್ತಿಗೆ, ಫೋಟೋ ತೆಗೆದದ್ದು ಎಷ್ಟು ಹೊತ್ತಿಗೆ?" ಆರು ಗಂಟೆಗೆ ಹಾಕಿದ್ದಾಳೆ, ಐದು ನಿಮಿಷ ನೋಡಿ ಏನೂ ಇಲ್ಲ ಅಂತ ಉಪ್ಪಿಟ್ಟಿಗೆ ಒಗ್ಗರಣೆ ಹಾಕಲು ಹೋಗಿದ್ದಾಳೆ, ಏಳೂವರೆಗೆ ಕಸದ ಬುಟ್ಟಿಯಿಂದ ತೆಗೆದು ಮತ್ತೆ ನೋಡಿದ್ದಾಳೆ! ಅಲ್ಲಿಗೆ ಆ ಫೋಟೋದ ಕಥೆ ಮುಗಿಯಿತು. ಬಹುಪಾಲು ಕಿಟ್ಟುಗಳನ್ನು 5 ನಿಮಿಷದ ಹೊತ್ತಿಗೆ ಓದಬೇಕು, 10 ನಿಮಿಷ ದಾಟಿದ ಮೇಲೆ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಪೊಟ್ಟಣದ ಮೇಲೆ ಬೇರೆ ಹೊತ್ತು ಬರೆದಿದ್ದರೆ ಅದನ್ನೇ ಪಾಲಿಸಿ. ಮೂತ್ರ ಆರಿದ ಮೇಲೆ ಟಿ ಜಾಗದಲ್ಲಿ ಒಂದು ನೆರಳು ಉಳಿಯುತ್ತದೆ. ಅದು ಬೂದಿ ಬಣ್ಣದ್ದು, ತೆಳುವಾದದ್ದು. ನಿಜವಾದ ಗೆರೆಗೆ ಸಿ ಗೆರೆಯದೇ ಬಣ್ಣವಿರುತ್ತದೆ, ಹೆಚ್ಚುಕಡಿಮೆ ಅದರಷ್ಟೇ ಅಗಲ, ಪಟ್ಟಿಯ ಈ ಅಂಚಿನಿಂದ ಆ ಅಂಚಿನವರೆಗೆ.

ಇನ್ನೊಂದು ಮಾತು, ಫೋಟೋದ ಬೆಳಕು ಏರಿಸಿ, ಬಣ್ಣ ಗಾಢ ಮಾಡಿ ಕಳಿಸಬೇಡಿ. ಹಾಗೆ ತಿದ್ದಿದರೆ ಖಾಲಿ ಪಟ್ಟಿಯಲ್ಲೂ ಗೆರೆ ಎದ್ದು ನಿಲ್ಲುತ್ತದೆ. ಬಿಳಿ ಹಾಳೆಯ ಮೇಲೆ ಇಡೀ ಕಾರ್ಡು ಇಟ್ಟು, ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಕೈಗಡಿಯಾರ ಇಟ್ಟು ತೆಗೆದರೆ ಸಾಕು.

ಮಾರನೇ ದಿನ ಎರಡನೇ ಫೋಟೋ. ಈ ಸಲ ಒಂದು ಗೆರೆಯೂ ಇಲ್ಲ. "ಹಂಗಾದ್ರೆ ಇಲ್ಲ ಅಂತ ತಾನೇ?" ಅಂದಳು. ಅಲ್ಲ. ಸಿ ಗೆರೆ ಬರದಿದ್ದರೆ ಪರೀಕ್ಷೆಯೇ ನಡೆದಿಲ್ಲ ಅಂತ. ಸಿ ಇಲ್ಲದೆ ಟಿ ಒಂದೇ ಬಂದರೂ ಅಷ್ಟೇ. ವಿಚಾರಿಸಿದರೆ, ಬೆಳಿಗ್ಗೆ ಗಡಿಬಿಡಿ ಬೇಡ ಅಂತ ರಾತ್ರಿಯೇ ಪೊಟ್ಟಣ ಒಡೆದು ಬಚ್ಚಲ ಗೂಡಿನಲ್ಲಿ ಇಟ್ಟಿದ್ದಳಂತೆ. ಆ ಹಸಿಗೆ ಪಟ್ಟಿ ಕೆಡುತ್ತದೆ. ಅದರ ಮೇಲೆ ಮೂರು ಹನಿ ಹಾಕುವ ಕಡೆ ಒಂದೂವರೆ ಹನಿ, ಜೊತೆಗೆ ಗುಳ್ಳೆ. ಗೆರೆ ಬರಲಿಲ್ಲ ಅಂತ ಅದೇ ಕಾರ್ಡಿಗೆ ಮತ್ತೆ ಹನಿ ಸುರಿಯುವವರೂ ಇದ್ದಾರೆ, ಅದರಿಂದ ಏನೂ ತಿಳಿಯದು. ಎಸೆದು ಹೊಸದು ತೆಗೆಯಿರಿ. ಹಾಗೆಯೇ ಸಿ ಗೆರೆ ಬಂತೆಂದರೆ ಎಲ್ಲವೂ ಸರಿ ಅಂತಲೂ ಅಲ್ಲ. ದ್ರವ ಪಟ್ಟಿಯ ಉದ್ದಕ್ಕೂ ಹರಿಯಿತು ಅಂತ ಮಾತ್ರ ಅದು ಹೇಳುತ್ತದೆ. ಎರಡು ಚೊಂಬು ನೀರು ಕುಡಿದು ತೆಳುವಾದ ಮೂತ್ರ ಹಾಕಿದರೂ ಸಿ ಚೆನ್ನಾಗಿಯೇ ಬರುತ್ತದೆ, ಟಿ ಮಾತ್ರ ಕೈಕೊಡಬಹುದು. ಅದಕ್ಕೇ ಬೆಳಗಿನ ಮೊದಲ ಮೂತ್ರ ಅನ್ನುವುದು.

ಎರಡು ದಿನ ಬಿಟ್ಟು ಮಾಡು ಅಂದೆ. ಗರ್ಭ ನಿಂತಿದ್ದರೆ, ಈ ಕಿಟ್ಟು ಹುಡುಕುವ ಎಚ್‌ಸಿಜಿ ಅನ್ನುವ ಹಾರ್ಮೋನು ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಸುಮಾರು ದುಪ್ಪಟ್ಟಾಗುತ್ತದೆ, ಕಾಯುವುದಕ್ಕೆ ಅದೇ ಕಾರಣ. ಮೂರನೇ ಫೋಟೋ ಬಂತು. ಗಡಿಯಾರದಲ್ಲಿ ಐದು ನಿಮಿಷ, ಟಿ ಹತ್ತಿರ ತಿಳಿ ಗುಲಾಬಿ ಗೆರೆ. "ಇಷ್ಟು ಮಸುಕು ಯಾಕೆ ಅತ್ತೆ? ಗೆಳತಿ ಹೇಳಿದ್ಲು, ಸಿ ಗೆರೆಯಷ್ಟೇ ಗಾಢ ಇರಬೇಕು ಅಂತ."

ಗೆಳತಿ ಹೇಳಿದ್ದು ಸುಳ್ಳಲ್ಲ, ಬೇರೆ ಕಿಟ್ಟಿನ ಮಾತು. ಅಂಡಾಣು ಬಿಡುಗಡೆಯ ದಿನ ನೋಡುವ ಕಿಟ್ಟೂ ಅದೇ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ನೋಡಲೂ ಹೀಗೇ ಇರುತ್ತದೆ. ಅದರಲ್ಲಿ ಟಿ ಗೆರೆ ಸಿ ಗೆರೆಯಷ್ಟಾದರೂ ಗಾಢ ಇಲ್ಲದಿದ್ದರೆ ಇಲ್ಲ ಅಂತಲೇ ಅರ್ಥ. ಪ್ರೆಗ್ನೆನ್ಸಿ ಕಿಟ್ಟಿನಲ್ಲಿ ಹೊತ್ತಿಗೆ ಸರಿಯಾಗಿ ಬಂದ ಬಣ್ಣದ ಗೆರೆ ಎಷ್ಟೇ ಮಸುಕಾಗಿದ್ದರೂ ಹೌದು ಅಂತ. ಗೆರೆಯ ಗಾಢತೆ ನೋಡಿ ಎಷ್ಟನೇ ವಾರ ಅಂತ ಎಣಿಸಲಾಗದು. ಆದರೆ ಮಕ್ಕಳಾಗಲು ಚಿಕಿತ್ಸೆ ಪಡೆಯುವವರಿಗೆ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರೆ ಗರ್ಭ ಇಲ್ಲದಿದ್ದರೂ ಕೆಲವು ದಿನ ಆ ಇಂಜೆಕ್ಷನ್ನೇ ಗೆರೆ ತೋರಿಸೀತು.

ಅವಳಿಗೆ ಹೌದು ಅಂದೆ, ಜೊತೆಗೆ ರಕ್ತಪರೀಕ್ಷೆಗೂ ಡಾಕ್ಟರ ಹತ್ತಿರಕ್ಕೂ ಕಳಿಸಿದೆ. ಗರ್ಭ ಕೂತಿರುವುದು ಗರ್ಭಕೋಶದ ಒಳಗೋ ಹೊರಗೋ ಅನ್ನುವುದನ್ನು ಕಾರ್ಡು ತೋರಿಸುವುದಿಲ್ಲ. ಕಿಬ್ಬೊಟ್ಟೆಯಲ್ಲಿ ಒಂದು ಪಕ್ಕ ಜೋರು ನೋವು, ರಕ್ತ, ತಲೆಸುತ್ತು ಬಂದರೆ ನನಗೆ ಫೋಟೋ ಕಳಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗು ಅಂತ ಹೇಳಿದ್ದೇನೆ.