ಹೆಸರು ಹೇಳದ ಕೇಸ್ ಸ್ಟಡಿಯಿಂದ ಕೆಲಸ ಬಂದದ್ದು: ನನ್ನ ಅನುಭವ

ಮಾಡಿದ ಕೆಲಸದ ಬಗ್ಗೆ ಗ್ರಾಹಕರ ಹೆಸರಿಲ್ಲದೆ ಬರೆದ ಕೇಸ್ ಸ್ಟಡಿಯನ್ನು ಯಾರೂ ನಂಬುವುದಿಲ್ಲ ಎಂದು ಈ ವೃತ್ತಿಯಲ್ಲಿರುವ ಅನೇಕರು ಹೇಳುತ್ತಿದ್ದರು. ನನ್ನದು ಸಣ್ಣ ಸಂಸ್ಥೆಗಳ ಬಿಲ್ಲಿಂಗ್ ಮತ್ತು ವಸೂಲಿಯನ್ನು ಹಾದಿಗೆ ತರುವ ಕೆಲಸ. ನಮಗೆ ಹಣ ತಡವಾಗಿ ಬರುತ್ತಿತ್ತು ಎಂದು ಹೆಸರು ಹಾಕಿ ಹೇಳಿಕೊಳ್ಳಲು ಯಾವ ಮಾಲೀಕರೂ ಒಪ್ಪುವುದಿಲ್ಲ. ಹೆಸರಿಲ್ಲದೆ ಬರೆಯುವುದೊಂದೇ ದಾರಿ. ಈಗಿರುವ ಒಂದು ಪುಟದ ಬರಹ ನೋಡಿ ಒಂದೂವರೆ ವರ್ಷದಲ್ಲಿ ಹತ್ತು ಹನ್ನೆರಡು ಮಂದಿ ವಿಚಾರಿಸಿದ್ದಾರೆ. ನಾಲ್ಕು ಕೆಲಸ ಆಗಿವೆ, ನಾಲ್ಕೂ ನಾನು ಬಯಸಿದಂಥವೇ. ಒಪ್ಪಿಗೆ ಕೇಳುವುದೂ ಸೇರಿ ಅದಕ್ಕೆ ಹಿಡಿದದ್ದು ಸುಮಾರು 9 ಗಂಟೆ. ಅದಕ್ಕೂ ಮುಂಚಿನ ಮೂರು ಬರಹಗಳಿಗೆ 40 ಗಂಟೆ ಹೋಗಿತ್ತು. ಒಂದರ ವಿನ್ಯಾಸಕ್ಕೆ ಒಂದು ಕೆಲಸದ ಶುಲ್ಕದ ಕಾಲು ಭಾಗ ಸುರಿದಿದ್ದೆ. ಅವುಗಳಿಂದ ಒಂದು ಕೆಲಸವೂ ಹುಟ್ಟಲಿಲ್ಲ.

ಮೊದಲ ಮೂರೂ ಸೋತದ್ದು ಒಂದೇ ಕಾರಣಕ್ಕೆ. ನಾನು ಏನು ಮಾಡಿದೆ ಎಂಬುದರಿಂದ ಶುರುವಾಗುತ್ತಿದ್ದವು. ಓದುವವರು ಹುಡುಕುವುದು ತಮ್ಮ ತೊಂದರೆಯನ್ನು. ಹಳೆಯ ಮೊದಲ ಸಾಲು ಹೀಗಿತ್ತು: "ಪ್ರತಿಷ್ಠಿತ ಸೇವಾ ಸಂಸ್ಥೆಯೊಂದರ ವಸೂಲಿ ವ್ಯವಸ್ಥೆಯನ್ನು ಸಮಗ್ರವಾಗಿ ಸುಧಾರಿಸಲಾಯಿತು." ಈಗಿನದು: "ಕೆಲಸ ಮುಗಿದು 20 ದಿನವಾದರೂ ಬಿಲ್ ಹೋಗಿರುತ್ತಿರಲಿಲ್ಲ, ಏಕೆಂದರೆ ಗಂಟೆಗಳ ಲೆಕ್ಕ ಮೂರು ಜನರ ಹತ್ತಿರ ಬೇರೆ ಬೇರೆ ಇತ್ತು." ಇದೇ ಕಾಯಿಲೆ ಇರುವವರು ಈ ಸಾಲಿಗೆ ನಿಲ್ಲುತ್ತಾರೆ, ಇಲ್ಲದವರು ಮುಂದೆ ಹೋಗುತ್ತಾರೆ. ಎರಡೂ ಬೇಕು. ಸಾಲನ್ನು ನಾನು ಕಟ್ಟುವುದಿಲ್ಲ. ಗ್ರಾಹಕರು ಮೊದಲ ಮಾತುಕತೆಯಲ್ಲಿ ತಮ್ಮ ತೊಂದರೆಯನ್ನು ಹೇಗೆ ಹೇಳಿದರೋ ಹಾಗೇ ಬರೆದಿಟ್ಟುಕೊಂಡಿರುತ್ತೇನೆ. ಅಂಥ ನಾಲ್ಕೈದು ಸಾಲುಗಳಲ್ಲಿ ಯಾವುದನ್ನು ಆರಿಸುವುದು ಎಂಬುದಕ್ಕೆ ನನ್ನದೇ ಒಂದು ಅಳತೆ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಇಡೀ ಬರಹ 350 ಪದ. ತೊಂದರೆ, ಅದಕ್ಕೆ ಅವರೇ ಮೊದಲು ಮಾಡಿ ಸೋತ ಪ್ರಯತ್ನ, ನಾವು ಬದಲಿಸಿದ ಒಂದೇ ಸಂಗತಿ, ಫಲ, ಇದು ಯಾರಿಗೆ ಹೊಂದುವುದಿಲ್ಲ ಎಂಬ ಎರಡು ಸಾಲು. ಅವರು ಮಾಡಿದ್ದ ಪ್ರಯತ್ನ ವಾರಕ್ಕೊಮ್ಮೆ ನೆನಪೋಲೆ ಕಳಿಸುವುದು. ಅದು ಫಲಿಸಲಿಲ್ಲ, ಏಕೆಂದರೆ ತಡವಾಗುತ್ತಿದ್ದದ್ದು ಬಿಲ್ ಕಳಿಸುವುದರಲ್ಲಿ, ಹಣ ಕೊಡುವುದರಲ್ಲಿ ಅಲ್ಲ. ಹೆಸರಿಲ್ಲದ ಬರಹಕ್ಕೆ ನಂಬಿಕೆ ತರುವುದು ಇಂಥ ಕಾರಣವೇ. ಒಳಗೆ ಕೂತು ಕೆಲಸ ಮಾಡದವರು ಇದನ್ನು ಬರೆಯಲಾರರು.

ಇನ್ನು ಗುರುತು ಮರೆಸುವುದು. ಹೆಸರು ತೆಗೆದರೆ ಸಾಕು ಎಂಬುದು ತಪ್ಪು. ಅಮೆರಿಕದ ಜನಸಂಖ್ಯೆಯ ಸುಮಾರು 87% ಮಂದಿಯನ್ನು ಅಂಚೆ ಸಂಕೇತ, ಲಿಂಗ, ಹುಟ್ಟಿದ ದಿನಾಂಕ ಈ ಮೂರರಿಂದಲೇ ಬೇರ್ಪಡಿಸಿ ಗುರುತಿಸಬಹುದು ಎಂದು ದತ್ತಾಂಶ ಗೌಪ್ಯತೆಯ ಸಂಶೋಧಕಿ ಲತಾನ್ಯಾ ಸ್ವೀನಿ 2000ರಲ್ಲಿ ತೋರಿಸಿದರು. ಒಂದೊಂದೇ ನೋಡಿದರೆ ನಿರುಪದ್ರವಿ, ಕೂಡಿದರೆ ಬೆರಳು ತೋರಿಸುತ್ತದೆ. ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: "14 ಜನರ ಪ್ಯಾಕೇಜಿಂಗ್ ವಿನ್ಯಾಸ ಸಂಸ್ಥೆ, ಇಬ್ಬರು ಪಾಲುದಾರರಲ್ಲಿ ಒಬ್ಬರು ಹೊರಹೋದ ವರ್ಷ." ಆ ಕ್ಷೇತ್ರದಲ್ಲಿ ಇದನ್ನು ಓದಿದವರು ಒಂದೇ ಉಸಿರಿಗೆ ಹೆಸರು ಹೇಳುತ್ತಾರೆ. ಪಾಲುದಾರರ ಸಂಗತಿ ಪೂರ್ತಿ ಹೋಯಿತು, ಏಕೆಂದರೆ ಅಂಥದ್ದು ಒಮ್ಮೆ ಒಬ್ಬರಿಗೇ ಆಗುವಂಥದ್ದು. 14 ಜನ "20ಕ್ಕಿಂತ ಕಡಿಮೆ ಜನ" ಆಯಿತು, ಪ್ಯಾಕೇಜಿಂಗ್ ವಿನ್ಯಾಸ ಬರೀ "ವಿನ್ಯಾಸ" ಆಯಿತು, ವರ್ಷ ಬಿಟ್ಟೆ.

ಇಲ್ಲಿ ಒಂದು ಗೆರೆ ಇದೆ. ವಿವರವನ್ನು ಸ್ಥೂಲವಾಗಿಸುತ್ತೇನೆ, ಬದಲಿಸುವುದಿಲ್ಲ. ವಿನ್ಯಾಸ ಸಂಸ್ಥೆಯನ್ನು ವಕೀಲರ ಕಚೇರಿ ಎಂದು ಬರೆದರೆ ಅದು ಸುಳ್ಳು. ವಕೀಲರೇ ವಿಚಾರಿಸಿಕೊಂಡು ಬಂದಾಗ ಸುಳ್ಳು ಹೊರಬೀಳುತ್ತದೆ. ಎರಡು ಮೂರು ಗ್ರಾಹಕರನ್ನು ಬೆರೆಸಿ ಒಂದು ಕಥೆ ಮಾಡುವುದನ್ನೂ ಒಮ್ಮೆ ಮಾಡಿ ನೋಡಿದೆ. ಬೆರೆಸಿದ್ದು ಎಂದು ಮೇಲೆಯೇ ಬರೆಯಬೇಕು, ಬರೆದ ಕೂಡಲೇ ಅಂಕಿಗಳ ಬೆಲೆ ಹೋಗುತ್ತದೆ. ಕೈಬಿಟ್ಟೆ.

ಅಂಕಿಗಳಲ್ಲಿ ಹಣದ ಮೊತ್ತ ಬೇಡ. ಶೇಕಡಾವಾರು ಕ್ಷೇಮ ಎಂದುಕೊಂಡಿದ್ದೆ. ಆದರೆ ಸಂಸ್ಥೆಯ ವಹಿವಾಟು ಹೊರಗೆ ಗೊತ್ತಿದ್ದರೆ ಶೇಕಡಾವಾರಿನಿಂದ ಮೊತ್ತ ತೆಗೆಯುವುದು ಮಕ್ಕಳ ಲೆಕ್ಕ. ನಾನು ದಿನಗಳಲ್ಲಿ ಬರೆಯುತ್ತೇನೆ. ಕೆಲಸ ಮುಗಿದು ಬಿಲ್ ಹೋಗಲು 20 ದಿನ ಇದ್ದದ್ದು 3ಕ್ಕೆ ಇಳಿಯಿತು. ಕೆಲಸ ಮುಗಿದ ದಿನದಿಂದ ಹಣ ಕೈಸೇರಲು 60ರ ಆಸುಪಾಸು ಇದ್ದದ್ದು 40ರ ಹತ್ತಿರ ಬಂತು. ಹೆಚ್ಚುಕಡಿಮೆ ಬಿಲ್ಲಿಂಗಿನಲ್ಲಿ ಉಳಿದಷ್ಟೇ ದಿನ ಅಲ್ಲೂ ಉಳಿದಿದೆ, ಅಂದರೆ ಅವರ ಗ್ರಾಹಕರೇನೂ ಬೇಗ ಕೊಡಲು ಶುರು ಮಾಡಲಿಲ್ಲ. ಇದನ್ನೂ ಬರಹದಲ್ಲಿ ಹೇಳಿದ್ದೇನೆ. ವಿಚಾರಿಸಿದವರಲ್ಲಿ ಕನಿಷ್ಠ ಮೂವರು ಈ ಸಾಲನ್ನೇ ಎತ್ತಿ ಮಾತಾಡಿದರು.

ಕಡತದೊಳಗಿನ ಗುರುತುಗಳನ್ನು ಮರೆಯುವವರು ಬಹಳ. ಚಿತ್ರದ ಫೈಲಿನ ಹೆಸರಲ್ಲಿ, ಪುಟದ ವಿಳಾಸದಲ್ಲಿ, ಪಿಡಿಎಫ್‌ನ ಶೀರ್ಷಿಕೆಯಲ್ಲಿ ಗ್ರಾಹಕರ ಹೆಸರು ಉಳಿದಿರುತ್ತದೆ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಕೆಳಗಿನ ಅಕ್ಷರ ಹಾಗೇ ಇರಬಹುದು. ಆಯ್ದು ನಕಲಿಸಿ ಬೇರೆಡೆ ಅಂಟಿಸಿ ನೋಡಿ, ಹೆಸರು ಬಂದುಬಿಡುತ್ತದೆ. ನಾನು ಸ್ಕ್ರೀನ್‌ಶಾಟ್ ಬಿಟ್ಟು ಖಾಲಿ ಕೋಷ್ಟಕವನ್ನು ಹೊಸದಾಗಿ ಬರೆದು ಹಾಕುತ್ತೇನೆ.

ಒಪ್ಪಿಗೆಯ ವಿಷಯಕ್ಕೆ ಬಂದರೆ, ಹೆಸರಿಲ್ಲದಿದ್ದರೂ ಕೇಳುತ್ತೇನೆ. ಗೌಪ್ಯತೆಯ ಕರಾರಿನಲ್ಲಿ ಕೆಲವೊಮ್ಮೆ ನಾವು ಅವರಿಗೆ ಕೆಲಸ ಮಾಡಿದೆವು ಎಂಬುದೇ ಗುಟ್ಟು. ಮೊದಲು ಅದನ್ನು ಓದಬೇಕು. ಕೆಲಸದ ಕರಾರಿನಲ್ಲೇ ಒಂದು ಸಾಲು ಸೇರಿಸಿಬಿಡಿ ಎನ್ನುವವರಿದ್ದಾರೆ. ಆ ಸಾಲು ಮಾತು ತೆಗೆಯಲು ಆಸರೆ, ಅಷ್ಟೇ. ಇನ್ನೂ ಬರೆಯದ ಬರಹಕ್ಕೆ ಕೊಟ್ಟ ಒಪ್ಪಿಗೆಯನ್ನು ನಾನು ಒಪ್ಪಿಗೆ ಎನ್ನುವುದಿಲ್ಲ. ಕೊನೆಯ ಬಿಲ್ ಜೊತೆ ಕೇಳಿದ್ದೂ ಕೆಟ್ಟಿತು, ರಿಯಾಯಿತಿಗೆ ಬದಲಾಗಿ ಕೇಳಿದ್ದು ಇನ್ನೂ ಕೆಟ್ಟಿತು. ಕೊಂಡುಕೊಂಡ ಮಾತು ಎಂದು ಗ್ರಾಹಕರಿಗೂ ಅನ್ನಿಸುತ್ತದೆ. ಫಲ ಕಣ್ಣಿಗೆ ಕಂಡ ಮೇಲೆ, ಕೆಲಸ ಮುಗಿದು ಆರರಿಂದ ಎಂಟು ವಾರಕ್ಕೆ, ಪೂರ್ತಿ ಕರಡಿನ ಜೊತೆ ಹೀಗೆ ಬರೆಯುತ್ತೇನೆ:

"ಸರ್, ನಿಮ್ಮಲ್ಲಿ ಮಾಡಿದ ಕೆಲಸದ ಬಗ್ಗೆ ಒಂದು ಪುಟ ಬರೆದಿದ್ದೇನೆ. ನಿಮ್ಮ ಹೆಸರಿಲ್ಲ. ಕರಡು ಜೊತೆಗಿದೆ, ಇದರಾಚೆ ಒಂದು ಪದವೂ ಸೇರುವುದಿಲ್ಲ. ನಿಮ್ಮ ಕ್ಷೇತ್ರದವರು ಓದಿದರೆ ಇದು ನೀವೇ ಎಂದು ಯಾವ ಸಾಲಿನಿಂದ ಗೊತ್ತಾಗಬಹುದು? ಅದನ್ನು ಗುರುತು ಹಾಕಿ ಕೊಡಿ, ತೆಗೆಯುತ್ತೇನೆ. ಬೇಡ ಎಂದರೆ ಕಾರಣ ಹೇಳಬೇಕಿಲ್ಲ. ನಿಮ್ಮ ಉತ್ತರ ಬರುವವರೆಗೆ ಪ್ರಕಟಿಸುವುದಿಲ್ಲ."

"ಬಳಸಬಹುದೇ" ಎಂದು ಮಾತ್ರ ಕೇಳುತ್ತಿದ್ದಾಗ ಐವರಲ್ಲಿ ಒಬ್ಬರು ಒಪ್ಪುತ್ತಿದ್ದರು. ಯಾವ ಸಾಲಿನಿಂದ ಗೊತ್ತಾಗುತ್ತದೆ ಎಂದು ಕೇಳಲು ಶುರು ಮಾಡಿದ ಮೇಲೆ ಐವರಲ್ಲಿ ಮೂವರಾದರೂ ಪೆನ್ನು ಹಿಡಿದು ಓದುತ್ತಾರೆ, ಓದಿ ತಿದ್ದಿದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಈ ಪರೀಕ್ಷೆಯನ್ನು ಒಪ್ಪಿಗೆಗೆ ಮುಂಚೆ ಹೊರಗಿನ ಗೆಳೆಯರ ಮೇಲೆ ಮಾಡಬಾರದು. ಅವರು ಗುರುತಿಸಿದರೆ ಗುಟ್ಟು ಅಲ್ಲೇ ಒಡೆದಂತೆ.

ಉತ್ತರ ಕೊಡುವವರಿಗೆ ಆ ಅಧಿಕಾರ ಇದೆಯೇ ಎಂದೂ ನೋಡಬೇಕು. ದಿನವೂ ನಮ್ಮ ಜೊತೆ ಮಾತಾಡುವ ಲೆಕ್ಕಪತ್ರದವರು ಸಂತೋಷದಿಂದ ಹೂಂ ಎನ್ನುತ್ತಾರೆ, ಆಮೇಲೆ ಮಾಲೀಕರು ಕೋಪದಿಂದ ಫೋನ್ ಮಾಡುತ್ತಾರೆ. ನಾನು ಬರಹದಲ್ಲಿ ಬಂದ ಉತ್ತರವನ್ನು, ಅವರು ಒಪ್ಪಿದ ಕರಡಿನ ಜೊತೆಗೇ ಇಡುತ್ತೇನೆ. ಆಮೇಲೆ ಒಂದು ಅಂಕಿ ತಿದ್ದಿದರೂ ಮತ್ತೆ ಕೇಳುತ್ತೇನೆ. ಒಪ್ಪಿಗೆ ಹಿಂತೆಗೆದುಕೊಂಡರೆ ಎರಡು ದಿನದಲ್ಲಿ ಪುಟ ಇಳಿಸುವುದಾಗಿ ಮಾತು ಕೊಟ್ಟಿದ್ದೇನೆ. ಪಿಡಿಎಫ್ ಆಗಿ ಹಂಚಿದ್ದನ್ನು ಹಿಂದಕ್ಕೆ ಪಡೆಯಲಾಗದು. ಹಾಗಾಗಿ ಯಾರೇ ಕೇಳಿದರೂ ಕಳಿಸುವುದು ಲಿಂಕ್ ಮಾತ್ರ.