ಡೇರಿ ಬೋನಸ್ ಲೆಕ್ಕ: ಮಾರ್ಚ್ ಕೊನೆಯ ಬಟವಾಡೆ ಮರೆಯಬೇಡಿ

ಹಳ್ಳಿಯ ಹಾಲು ಉತ್ಪಾದಕರ ಸಂಘಗಳಲ್ಲಿ ಬೋನಸ್ ಲೆಕ್ಕ ತಪ್ಪುವುದು ಹೆಚ್ಚಾಗಿ ಮಾರ್ಚ್ ತಿಂಗಳ ಕೊನೆಯ ಹತ್ತು ದಿನಗಳ ಹಾಲಿನಲ್ಲಿ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿ.

ಮೊದಲು ಮಾರ್ಚ್ 31ರ ಸಂಜೆ ಕೈಯಲ್ಲಿರುವ ನಗದು ಎಣಿಸಿ, ಪಶು ಆಹಾರದ ಮೂಟೆ ಲೆಕ್ಕ ಹಾಕಿ, ಇಬ್ಬರು ನಿರ್ದೇಶಕರ ಸಹಿ ಹಾಕಿಸಿ.

ಎರಡನೆಯದೇ ಕಷ್ಟದ್ದು. ಹತ್ತು ದಿನಕ್ಕೊಮ್ಮೆ ಬಟವಾಡೆ ಮಾಡುವ ಸಂಘ ಎಂದಿಟ್ಟುಕೊಳ್ಳಿ. ಕೊನೆಯ ಕಂತಿನ ಹಾಲು ಮಾರ್ಚ್‌ನಲ್ಲೇ ಒಕ್ಕೂಟಕ್ಕೆ ಹೋಗಿರುತ್ತದೆ, ಹಣ ಬರುವುದು ಏಪ್ರಿಲ್‌ನಲ್ಲಿ. ಒಕ್ಕೂಟದಿಂದ ಬರಬೇಕಾದ್ದು 2,32,000 ರೂಪಾಯಿ, ಸದಸ್ಯರಿಗೆ ಕೊಡಬೇಕಾದ್ದು 2,15,000. ಎರಡನ್ನೂ ಹಳೆಯ ವರ್ಷಕ್ಕೇ ಬರೆಯಬೇಕು. ಬರಬೇಕಾದ್ದನ್ನು ಮಾತ್ರ ಬರೆದು ಕೊಡಬೇಕಾದ್ದನ್ನು ಬಿಟ್ಟರೆ 4 ಲಕ್ಷದ ಲಾಭ 6,15,000 ಎಂದು ಕಾಣುತ್ತದೆ. ಸದಸ್ಯರ ಹಾಲಿನ ದುಡ್ಡನ್ನೇ ಅವರಿಗೆ ಬೋನಸ್ ಎಂದು ಹಂಚಿದಂತಾಗುತ್ತದೆ. ಹೀಗಾಗಿದೆಯೇ ಎಂದು ತಿಳಿಯಬೇಕಾದರೆ ಖಾತೆಯಲ್ಲಿ ಎಷ್ಟು ಬಟವಾಡೆ ಇವೆ ಎಂದು ಎಣಿಸಿ. ಮೂವತ್ತಾರು ಇರಬೇಕು, ಮೂವತ್ತೈದಿದ್ದರೆ ಒಂದು ಬಿಟ್ಟುಹೋಗಿದೆ.

ಬರೆದ ನಮೂದನ್ನು ಗುರುತೇ ಉಳಿಯದಂತೆ ಅಳಿಸಲು ಬಿಡುವ ಅಗ್ಗದ ಸಾಫ್ಟ್‌ವೇರ್ ಈ ಕೆಲಸಕ್ಕೆ ಬೇಡವೇ ಬೇಡ. ಅದಕ್ಕಿಂತ ಪುಟಸಂಖ್ಯೆ ಹಾಕಿದ ನಗದು ಪುಸ್ತಕವೇ ಮೇಲು.

ಇನ್ನು ಹಂಚಿಕೆ. ನಿಜವಾದ ನಿವ್ವಳ ಲಾಭ 4,00,000. ಅದರಲ್ಲಿ ಶೇ 25, ಅಂದರೆ 1 ಲಕ್ಷ, ಕಾಯ್ದಿಟ್ಟ ನಿಧಿಗೆ. ಉಳಿದ 3 ಲಕ್ಷದಲ್ಲಿ ಬೋನಸ್‌ಗೆ ಎಷ್ಟು ಎಂಬುದನ್ನು ನಿಮ್ಮ ಸಂಘದ ಬೈಲಾ ನೋಡಿಯೇ ಹಾಕಿ. ಪಕ್ಕದೂರಿನ ಡೇರಿಯವರನ್ನು ಕೇಳಿ ಅಲ್ಲ. ಶೇ 65 ಎಂದಿದ್ದರೆ 1,95,000. ಸದಸ್ಯರು ವರ್ಷವಿಡೀ ಹಾಕಿದ ಹಾಲಿನ ಬೆಲೆ 78 ಲಕ್ಷವಾದರೆ ನೂರಕ್ಕೆ ಎರಡೂವರೆ ರೂಪಾಯಿ ಬೀಳುತ್ತದೆ. 1,20,000 ರೂಪಾಯಿಯ ಹಾಲು ಹಾಕಿದವರಿಗೆ 3,000.

ಹಂಚುವುದು ಲೀಟರ್ ಲೆಕ್ಕದಲ್ಲಲ್ಲ, ಬೆಲೆಯ ಲೆಕ್ಕದಲ್ಲಿ. ಲೀಟರ್ ಹಿಡಿದರೆ ಒಳ್ಳೆಯ ಫ್ಯಾಟ್ ಇರುವ ಹಾಲು ಹಾಕುವವರಿಗೆ ಅನ್ಯಾಯ. ಸರ್ಕಾರದ ಪ್ರೋತ್ಸಾಹಧನ ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಹೋಗುವ ಹಣ. ಅದನ್ನು ಈ ಬೆಲೆಗೆ ಸೇರಿಸಬೇಡಿ. ಬೋನಸ್ಸನ್ನೂ ಬ್ಯಾಂಕ್ ಖಾತೆಗೇ ಹಾಕಿ. ಪಶು ಆಹಾರದ ಬಾಕಿ ಮುರಿದುಕೊಳ್ಳುವುದಾದರೆ ಸದಸ್ಯರ ಸಹಿ ಬೇಕು, ಪಟ್ಟಿಯಲ್ಲಿ ಬೋನಸ್ ಮತ್ತು ಕಡಿತ ಬೇರೆಬೇರೆ ಕಾಣಬೇಕು.

ಹಬ್ಬ ಬಂತೆಂದು ಆಡಿಟ್‌ಗೆ ಮೊದಲೇ ಮುಂಗಡ ಕೊಡಲು ಒತ್ತಾಯ ಬರುತ್ತದೆ. ಒಪ್ಪಬೇಡಿ. ಆಮೇಲೆ ಲಾಭ ಇಳಿದರೆ ಕೊಟ್ಟದ್ದನ್ನು ಯಾರೂ ಹಿಂದಿರುಗಿಸುವುದಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸಾಮಾನ್ಯ ಸಭೆ ನಡೆಯಬೇಕು. ಆಡಿಟ್ ಆದ ಲೆಕ್ಕವನ್ನು ಆ ಸಭೆಯ ಮುಂದಿಟ್ಟು, ಲಾಭ ಹಂಚಿಕೆಗೆ ಒಪ್ಪಿಗೆ ಪಡೆದು, ನಡಾವಳಿ ಪುಸ್ತಕದಲ್ಲಿ ಬರೆದ ಮೇಲೆಯೇ ಹಣ ಬಿಡುಗಡೆ ಮಾಡಿ. ಆಡಿಟರ್ ತೋರಿಸಿದ ನ್ಯೂನತೆಗಳಿಗೆ ಒಂದೊಂದಾಗಿ ಉತ್ತರ ಬರೆದು ಅನುಪಾಲನಾ ವರದಿ ಕಳಿಸಿ, ಅದರ ಪ್ರತಿಯನ್ನು ಬೋನಸ್ ಪಟ್ಟಿಯ ಜೊತೆಯಲ್ಲೇ ಇಡಿ.